ಗಂಗವ್ವನ ಹಣೆಯ ವಿಭೂತಿ

ಚಿತ್ತಾಪುರದ ಬಸ್‌ಸ್ಟ್ಯಾಂಡಿನ ಹಿಂದೆ ರೊಟ್ಟಿ ಕೇಂದ್ರ ನಡೆಸುವ ಚಂದಮ್ಮನದು ಒಂದು ಪದ್ಧತಿ. ಯಾವ ಯಂತ್ರ ಬಂದರೂ ಮೊದಲು ಅದಕ್ಕೆ ಮೂರು ಬೆರಳಿನಿಂದ ವಿಭೂತಿ ಎಳೆಯಬೇಕು, ಆಮೇಲೆ ಹೆಸರಿಡಬೇಕು, ಸ್ವಿಚ್ಚಿನ ಮಾತು ಅದಾದ ಮೇಲೆಯೇ. ಅವಳ ಮಿಕ್ಸರ್ ಗುಡುಗವ್ವ, ಗ್ಯಾಸಿನ ಒಲೆ ನೀಲವ್ವ. ದಿನಾ ರೊಟ್ಟಿ ಒಯ್ಯುತ್ತಿದ್ದ ಬ್ಯಾಂಕಿನ ಸಾಹೇಬರೊಬ್ಬರು ವರ್ಗವಾಗಿ ಹೋಗುವಾಗ ಕೊಟ್ಟುಹೋದ ಬ್ಲೂಟೂತ್ ಸ್ಪೀಕರಿಗೆ ಗಂಗವ್ವ ಎಂದು ಹೆಸರಾಯಿತು. ಪ್ರತಿ ಸೋಮವಾರ ನೀರಲ್ಲಿ ಕಲಸಿದ ವಿಭೂತಿ ಒಂದರ ಮೇಲೊಂದು ಕೂತು, ಗಂಗವ್ವನ ಜಾಲರಿಯ ಮೇಲೆ ಮೂರು ಪಟ್ಟೆಗಳು ಗಟ್ಟಿಯಾಗಿ ನಿಂತಿದ್ದವು.

ಚಂದಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಆದರೆ ಅದು ಕಾದ ಹಂಚಿನ ಮೇಲಿನ ನೀರಿನಂತೆ, ಚುರ್ ಎಂದು ಹಾರಿಹೋಗುತ್ತಿತ್ತು. ಅವಳ ಸಿಟ್ಟಿಗೆ ನಗುತ್ತಿದ್ದವಳು ಲಾಲಮ್ಮ ಒಬ್ಬಳೇ. ವಾಡಿಯಿಂದ ದಿನಾ ಬೆಳಿಗ್ಗೆ ಬಂದು ಚಂದಮ್ಮನ ಎದುರು ಕೂತು ರೊಟ್ಟಿ ಬಡಿಯುತ್ತಿದ್ದ ಲಾಲಮ್ಮನ ಕಂಠ ಸುತ್ತಮುತ್ತಲೆಲ್ಲ ಹೆಸರಾಗಿತ್ತು. ಯಾರ ಮನೆಯ ತೊಟ್ಟಿಲಾದರೂ ಜೋಗುಳಕ್ಕೆ ಅವಳೇ ಬೇಕು. ಗಂಗವ್ವನಿಗೆ ಹಾಡು ಹಚ್ಚುತ್ತಿದ್ದುದೂ ಅವಳ ಫೋನಿನಿಂದಲೇ. ಚಂದಮ್ಮನ ಫೋನಿಗೂ ಗಂಗವ್ವನಿಗೂ ಪರಿಚಯವೇ ಇರಲಿಲ್ಲ.

ಅಂಥ ಲಾಲಮ್ಮ, ಮಗಳು ಭಾಗ್ಯಳಿಗೆ ಗಂಡನ ಊರಿನ ಆಸ್ಪತ್ರೆಯಲ್ಲಿ ಹೆಣ್ಣು ಮಗುವಾದ ಸುದ್ದಿ ಫೋನಿನಲ್ಲಿ ಬಂದದ್ದೇ, ತಮ್ಮನಿಗೆ ಹೇಳಿ ಅಲ್ಲಿಂದ ಮಗುವನ್ನು ನೋಡಲು ಹೋಗೋಣವೆಂದು ಸುಲೇಪೇಟಕ್ಕೆ ಹೋದವಳು ಬಸ್ಸಿಳಿಯುವಾಗ ಜಾರಿದಳು. ತೊಡೆಯಿಂದ ಪಾದದವರೆಗೆ ಪ್ಲಾಸ್ಟರು. ಬಸ್ಸಿನ ಹೆಸರೇ ಎತ್ತಬೇಡ ಎಂದರು ಡಾಕ್ಟರು. ಅವಳು ತಮ್ಮನ ಮನೆಯಲ್ಲಿ ಉಳಿದಳು, ಇತ್ತ ವಾಡಿಯಲ್ಲಿ ಮೊಮ್ಮಗಳ ತೊಟ್ಟಿಲ ದಿನ ಬಂತು. ಮುಂದೆ ಹಾಕೋಣವೆಂದರೆ ಲಾಲಮ್ಮ ಒಪ್ಪಲಿಲ್ಲ, ಬೀಗರೆಲ್ಲ ಬರುವುದು ನಿಶ್ಚಯವಾಗಿದೆ ಎಂದಳು. ಆದರೆ ಚಂದಮ್ಮನೊಡನೆ ಫೋನಿನಲ್ಲಿ ಅವಳ ದನಿ ಬೇರೆಯಾಗಿತ್ತು.

"ಊರ ಕೂಸುಗಳಿಗೆಲ್ಲಾ ಹಾಡೀನಿ ಚಂದಮ್ಮಾ. ನಮ್ಮ ಕೂಸಿಗೇ ಇಲ್ಲದಂಗ ಆಯ್ತು ನೋಡು."

"ನಿನ್ನ ಕಾಲು ಅಲ್ಲೇ ಇರ್ಲಿ. ನಿನ್ನ ದನಿ ನಾ ವಾಡಿಗಿ ಒಯ್ತೀನಿ," ಎಂದಿದ್ದಳು ಚಂದಮ್ಮ.

ಮಾತು ಕೊಟ್ಟಿದ್ದು ಸುಲಭ. ಆ ದಿನ ಗಂಗವ್ವನನ್ನು ರೊಟ್ಟಿಯ ಬಟ್ಟೆಯಲ್ಲಿ ಸುತ್ತಿಕೊಂಡು ಚಂದಮ್ಮ ವಾಡಿಗೆ ಬಂದಾಗ ಮನೆ ತುಂಬಾ ಹೆಂಗಸರು, ಅಂಗಳದ ತುಂಬಾ ಮಕ್ಕಳು, ಹಿಂದಿನ ಹಳಿಯ ಮೇಲೆ ಗೂಡ್ಸ್ ಗಾಡಿಗಳ ಗದ್ದಲ. ಬರೀ ಫೋನಿನ ದನಿ ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳುವಂತಿರಲಿಲ್ಲ. ಗಂಗವ್ವನನ್ನು ಹಚ್ಚಿದಳು. ದೀಪ ನಿಧಾನಕ್ಕೆ ಮಿಣುಕಿತು. ತನ್ನ ಫೋನಿನಲ್ಲಿ ಹುಡುಕಿದರೆ ಪಕ್ಕದ ಮನೆಯ ಟಿವಿ ಕಂಡಿತು, ಯಾರದೋ ಕಿವಿಯ ಬಡ್ಸ್ ಕಂಡವು, ಗಂಗವ್ವ ಮಾತ್ರ ಇಲ್ಲ. ಬಂದವರೆಲ್ಲ ಒಂದೊಂದು ಗುಂಡಿ ಒತ್ತಿ ನೋಡಿದರು. ಏಳು ಜನ ಏಳು ಕಡೆ ಹಗ್ಗ ಜಗ್ಗಿ ಎತ್ತು ಕಟ್ಟಿದಂತಾಯಿತೇ ಹೊರತು ಕೆಲಸವಾಗಲಿಲ್ಲ.

ಚಂದಮ್ಮ ಚಿತ್ತಾಪುರಕ್ಕೆ ಫೋನ್ ಹಚ್ಚಿದಳು. ರೊಟ್ಟಿ ಕೇಂದ್ರದ ಮುಂದೆಯೇ ಮೊಬೈಲ್ ಅಂಗಡಿ ಇಟ್ಟಿರುವ ಅಬ್ದುಲ್ ಕರೀಮ್ ಸಮಾಧಾನದ ಮನುಷ್ಯ. ಸ್ಪೀಕರು ಇನ್ನೂ ಹಳೆಯ ಫೋನನ್ನೇ ಹುಡುಕುತ್ತಿದೆ, ಹೊಸದಕ್ಕೆ ಬಾಗಿಲು ತೆರೆದಿಲ್ಲ ಎಂದು ಅವನು ತಿಳಿಸಿದ. ಬಾಗಿಲು ತೆರೆಸುವ ಗುಂಡಿ ಒಂದೊಂದು ಮಾಡೆಲಿಗೆ ಒಂದೊಂದು ಥರ, ಆದ್ದರಿಂದ ಮಾಡೆಲ್ ಯಾವುದೆಂದು ಗೊತ್ತಾಗಬೇಕು ಎಂದ. ಡಬ್ಬಿ ಇರಲಿಲ್ಲ. ತಳದ ಅಕ್ಷರ ಹಿಟ್ಟಿನ ಕೈ ತಾಗಿ ತಾಗಿ ಸವೆದಿತ್ತು. ಲಾಲಮ್ಮನ ಫೋನಿನ ಪಟ್ಟಿಯಲ್ಲಿ ಹೆಸರು ಇದ್ದೇ ಇರುತ್ತದೆಂದು ಕರೀಮ್ ಸುಲೇಪೇಟಕ್ಕೂ ಫೋನ್ ಮಾಡಿದ. ಅಲ್ಲಿ ಲಾಲಮ್ಮ ತಾನೇ ಬದಲಿಸಿಟ್ಟಿದ್ದ ಹೆಸರಿತ್ತು: ಗಂಗವ್ವ. ಆ ಹೆಸರಿನ ಮಾಡೆಲ್ ಯಾವ ಕಂಪನಿಯೂ ಮಾಡಿಲ್ಲವೆಂದು ಕರೀಮ್ ನಕ್ಕ. ಮುಂದಿನ ಜಾಲರಿಯದೊಂದು, ಮೇಲಿನ ಗುಂಡಿಗಳದೊಂದು ಫೋಟೋ ತೆಗೆದು ಕಳಿಸಲು ಹೇಳಿದ.

ಫೋಟೋ ಹೋಯಿತು, ಆದರೆ ಅದರಲ್ಲಿ ಗುಂಡಿಗಳ ಗುರುತು ಹಿಟ್ಟಿನಡಿ ಮಸುಕಾಗಿದ್ದವು. ಸ್ವಲ್ಪ ಹೊತ್ತಿಗೆ ಉತ್ತರ ಬಂತು. ಜಾಲರಿಯ ಮೇಲೆ ಮೂರು ಬಿಳಿ ಪಟ್ಟೆಯಿರುವ ಮಾಡೆಲ್ ಒಂದಿದೆಯಂತೆ, ಎಂ ಅಕ್ಷರದ ಗುಂಡಿಯನ್ನು ಒತ್ತಿ ಹಿಡಿಯಬೇಕಂತೆ. ಆ ಮಾಡೆಲಿನಲ್ಲಿ ಮೈಕ್ ಇಲ್ಲ, ಫೋನಿನ ಮಾತು ಅದರಲ್ಲಿ ಆಗದು, ಬರೀ ಹಾಡು ಎಂದೂ ಬರೆದಿದ್ದ. ಚಂದಮ್ಮ ಅದನ್ನು ಎರಡು ಸಲ ಓದಿದಳು. ಹಾಗಾದರೆ ಲಾಲಮ್ಮನ ದನಿ ಬರುವುದು ಹೇಗೆ? ಅತ್ತ ಲಾಲಮ್ಮ ಫೋನ್ ಹಿಡಿದು ಕಾದಿದ್ದಾಳೆ. ಇತ್ತ ಹೆಂಗಸರು ತೊಟ್ಟಿಲಿಗೆ ಹೂ ಕಟ್ಟಿ ಮುಗಿಸಿದ್ದಾರೆ. ಗಂಗವ್ವನನ್ನು ತಿರುವಿ ತಿರುವಿ ನೋಡಿದರೂ ಎಂ ಎಂಬ ಗುಂಡಿಯೇ ಇಲ್ಲ.

ಸಿಟ್ಟು ಬಂತು. ಮತ್ತೆ ಕರೀಮನಿಗೆ ಫೋನ್ ಹಚ್ಚಿ, ಮೂರು ಪಟ್ಟಿ ಎಲ್ಲಿ ಕಂಡವು ನಿನಗೆ ಎಂದು ಕೇಳಬೇಕೆಂದಿದ್ದವಳ ಕಣ್ಣು ಗಂಗವ್ವನ ಜಾಲರಿಯ ಮೇಲೆ ಬಿತ್ತು.

"ಕರೀಮ್ ಭಾಯ್," ಎಂದಳು ಮೆಲ್ಲಗೆ, "ಅದು ಕಂಪನಿಯವ್ರು ಹಾಕಿದ ಪಟ್ಟಿ ಅಲ್ಲ. ಅದು ನಾ ಹಚ್ಚಿದ ವಿಭೂತಿ."

ಆ ಕಡೆಯಿಂದ ಬಹಳ ಹೊತ್ತು ನಗುವೇ ಬಂತು. ಕೊನೆಗೆ ಅವನು, "ಒರಸ್ರಿ ಅಕ್ಕಾ. ಅದರ ಖರೇ ಮಾರಿ ನೋಡೋಣು," ಎಂದ. ಒಣ ಬ್ರಶ್ಶಿನಿಂದ ಮೆಲ್ಲಗೆ ಉಜ್ಜಬೇಕು, ನೀರು ಬೇಡ, ಸೂಜಿ ಪಿನ್ನು ಚುಚ್ಚುವುದಂತೂ ಬೇಡವೇ ಬೇಡ ಎಂದ.

ಹಚ್ಚಿದ ವಿಭೂತಿಯನ್ನು ಒರೆಸಿ ನೆಲಕ್ಕೆ ಚೆಲ್ಲುವುದುಂಟೇ? ಚಂದಮ್ಮ ಒಂದು ಗಳಿಗೆ ಯೋಚಿಸಿದಳು. ಬ್ರಶ್ಶಿನಿಂದ ಉದುರಿದ ಬೂದಿಯನ್ನು ಅಂಗೈಯಲ್ಲಿ ಹಿಡಿದು, ಅಷ್ಟನ್ನೂ ತನ್ನ ಹಣೆಗೇ ಬಳಿದುಕೊಂಡಳು. ಭಾಗ್ಯ ಮಗುವನ್ನೆತ್ತಿಕೊಂಡು ನೋಡುತ್ತಿದ್ದವಳು ಸೆರಗು ಬಾಯಿಗಿಟ್ಟು ನಕ್ಕಳು. ಈಗ ಜಾಲರಿಯ ಸಣ್ಣ ಆರುಮೂಲೆಯ ತೂತುಗಳು ಬೆಳಕಿಗೆ ಬಂದವು. ಮೇಲಿನ ಹಿಟ್ಟು ಉಜ್ಜಿದಾಗ ದನಿ ಇಳಿಸುವ ಕಡಿತದ ಗುರುತು, ಹಾಡು ಹಚ್ಚುವ ತ್ರಿಕೋನ, ದನಿ ಏರಿಸುವ ಕೂಡಿಕೆಯ ಗುರುತು ಒಂದೇ ಸಾಲಿನಲ್ಲಿದ್ದವು. ಅವುಗಳ ಹಿಂದಿನ ಸಾಲಿನಲ್ಲಿ ಎರಡು ಸಣ್ಣ ಗುಂಡಿಗಳು, ಒಂದು ಪವರಿನದು, ಇನ್ನೊಂದು ಬ್ಲೂಟೂತಿನದು. ಪಕ್ಕದಲ್ಲಿ ಸಾಸಿವೆಗಿಂತ ಚಿಕ್ಕ ತೂತೊಂದು, ಜೋಳದ ಹಿಟ್ಟು ತುಂಬಿಕೊಂಡಿತ್ತು.

ಎರಡನೆಯ ಸಲ ಫೋಟೋ ನೋಡಿದ ಕರೀಮನಿಗೆ ಅದೇ ಜಾಲರಿಯ ಎರಡು ಮಾಡೆಲ್ ಸಿಕ್ಕವು. ಹಳೆಯದಕ್ಕೆ ಪವರ್ ಗುಂಡಿ ಬೆನ್ನಿಗೆ, ಹೊಸದಕ್ಕೆ ಮೇಲೆ. ಹಾಗಾದರೆ ಇದು ಹೊಸದೇ ಎಂದು ಖಚಿತ ಮಾಡಿಕೊಂಡು ಅವನು ಫೋನ್ ಮಾಡಿದ. ಆ ಸಣ್ಣ ತೂತೇ ಮೈಕು, ಮಾತು ಆ ಕಡೆಗೂ ಹೋಗುತ್ತದೆ ಎಂದ. ಚಂದಮ್ಮ ಅದರಲ್ಲಿದ್ದ ಹಿಟ್ಟನ್ನು ಬ್ರಶ್ಶಿನಿಂದ ಉದುರಿಸಿದಳು. ಬ್ಲೂಟೂತ್ ಗುಂಡಿಯನ್ನು ದೀಪ ಬೇಗ ಬೇಗ ಮಿಣುಕುವವರೆಗೆ ಒತ್ತಿ ಹಿಡಿಯಬೇಕಿತ್ತು. ಆದರೆ ಒಣಗಿದ ಹಿಟ್ಟಿನಲ್ಲಿ ಆ ಗುಂಡಿ ಹೂತುಹೋಗಿತ್ತು, ಅಲುಗಲಿಲ್ಲ.

"ಬಿಡ್ರಿ ಅದನ್ನ. ರೀಸೆಟ್ ಮಾಡೋಣು," ಎಂದ ಕರೀಮ್. "ಚಾಲೂ ಇದ್ದಾಗೇ ಕೂಡಿಕೆ ಗುರುತಿಂದು, ತ್ರಿಕೋನದ್ದು, ಎರಡೂ ಕೂಡೇ ಒತ್ತಿ ಹಿಡೀರಿ. ತಾನೇ ಬಂದ್ ಆಗೋತನಕ ಬಿಡಬ್ಯಾಡ್ರಿ. ಹಳೇ ಫೋನೆಲ್ಲಾ ಮರೀತದ."

"ಲಾಲಮ್ಮನ್ನೂ ಮರೀತದೇನು?"

"ಆಕಿ ಬಂದಮ್ಯಾಲ ಮತ್ತ ಜೋಡಸ್ತೀನಿ ಅಕ್ಕಾ. ಈಗ ಒತ್ರಿ."

ಚಂದಮ್ಮ ಎರಡೂ ಹೆಬ್ಬೆರಳು ಊರಿದಳು. ರೊಟ್ಟಿ ಬಡಿದು ಗಟ್ಟಿಯಾದ ಬೆರಳು, ಕದಲಲಿಲ್ಲ. ದೀಪ ಆರಿತು. ಪವರ್ ಒತ್ತಿದಾಗ ಗಂಗವ್ವ ಕುಣಿಯುವಂತೆ ಬೇಗ ಬೇಗ ಮಿಣುಕಿದಳು. ಫೋನಿನ ಪಟ್ಟಿಯಲ್ಲಿ ಇಂಗ್ಲಿಷಿನ ಹೊಸ ಹೆಸರೊಂದು ಬಂತು. ಮುಟ್ಟಿದಳು, ಟುಣ್ ಎಂದು ಕೂಡಿಕೊಂಡಿತು. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಚಂದಮ್ಮನಿಗೆ ಆದ ಸಂತೋಷ ಮೈ ತುಂಬಿ ಹೊರಗೂ ಚೆಲ್ಲಿತು.

ಸುಲೇಪೇಟಕ್ಕೆ ಫೋನ್ ಹೋಯಿತು. ಲಾಲಮ್ಮ ಕೆಮ್ಮಿ ಗಂಟಲು ಸರಿ ಮಾಡಿಕೊಂಡದ್ದೂ ಅಂಗಳದವರೆಗೆ ಕೇಳಿಸಿತು. ಮಗುವನ್ನು ತೊಟ್ಟಿಲಿಗೆ ಹಾಕಿದರು.

"ಕಾಗಿಣಾ ಹೊಳಿ ದಂಡೀಗಿ ಕಡ್ಲಿ ಹೂ ಬಿಟ್ಟಾವ, ನಮ್ಮವ್ವ ಕಣ್ಣ ತೆರದಾಳ," ಎಂದು ಸ್ಪೀಕರಿನಿಂದ ದನಿ ಎದ್ದಾಗ ಗೂಡ್ಸ್ ಗಾಡಿಯ ಸದ್ದೂ ಹಿಂದೆ ಬಿತ್ತು. ಹೆಂಗಸರು ಸಾಲು ಹಿಡಿದು ದನಿಗೂಡಿಸಿದರು. ಹಾಡು ಮುಗಿದ ಮೇಲೆ ಯಾರಿಗೂ ಹೇಳದೆ ಬಚ್ಚಿಟ್ಟಿದ್ದ ಹೆಸರನ್ನು ಅಜ್ಜಿ ಅಲ್ಲಿಂದಲೇ ಕರೆದಳು. ಯಶೋಧರಾ.

ಹೆಸರು ಬಿದ್ದದ್ದೇ ತಡ, ಮಗು ಮನೆ ಹಾರಿಹೋಗುವಂತೆ ಚೀರಿತು. ಭಾಗ್ಯ ಗಾಬರಿಯಿಂದ ಎತ್ತಿಕೊಳ್ಳಲು ಬಾಗಿದಳು. ಗಂಗವ್ವನೊಳಗಿಂದ ಲಾಲಮ್ಮನ ದನಿ ತಡೆಯಿತು.

"ಎತ್ತಬ್ಯಾಡವಾ. ಇನ್ನೊಂದೀಟು ಅಳ್ಲಿ. ನಾ ಈಗೇ ಮೊದಲ ಕೇಳ್ಲಿಕತ್ತೀನಿ."

ಭಾಗ್ಯ ಕೈ ಹಿಂದೆ ತೆಗೆದಳು. ಚಂದಮ್ಮ ಸ್ಪೀಕರನ್ನು ಎರಡೂ ಕೈಯಲ್ಲಿ ಎತ್ತಿ, ಹಿಟ್ಟು ತೆಗೆದ ಆ ಸಣ್ಣ ತೂತನ್ನು ಮಗುವಿನ ಕಡೆಗೆ ತಿರುಗಿಸಿ, ತೊಟ್ಟಿಲ ಪಕ್ಕ ಹಿಡಿದು ನಿಂತಳು.