ಕಾರ ಹುಣ್ಣಿಮೆಗೆ ಬರಬೇಕಿದ್ದ ಬಂಡಿ

ಹುಲಿಗೇಶ್ ಪಾರಮ್ಮನನ್ನು ಮೊದಲು ಕಂಡದ್ದು ೨೦೨೩ರ ಮೇ ತಿಂಗಳಲ್ಲಿ, ಬಳ್ಳಾರಿಯಲ್ಲಿ ತಾನು ಕೆಲಸಕ್ಕಿದ್ದ ವಿದ್ಯುತ್ ಸ್ಕೂಟರಿನ ಅಂಗಡಿಯಲ್ಲಿ. ಬಂದವಳೇ ಜೀನ್ಸ್ ಪ್ಯಾಂಟುಗಳ ದೊಡ್ಡ ಗಂಟನ್ನು ಸ್ಕೂಟರಿನ ಕಾಲಿಡುವ ಜಾಗದಲ್ಲಿ ಕುಕ್ಕಿ, "ಇದು ಕುಂತ್ರ ಮಾತಾಡೂಣು, ಇಲ್ಲಂದ್ರ ನಿನ್ನ ಚಾ ಸೈತ ಬ್ಯಾಡ" ಎಂದಿದ್ದಳು. ಗಂಟು ಕುಳಿತಿತು.

ಬಳ್ಳಾರಿಯ ಕಾರ್ಖಾನೆಯಿಂದ ಪ್ಯಾಂಟು ಒಯ್ದು, ಕುರುಗೋಡಿನ ಹೆಂಗಸರಿಂದ ದಾರ ಕತ್ತರಿಸಿ ಗುಂಡಿ ಹಚ್ಚಿಸಿ, ತಿರುಗಿ ಮುಟ್ಟಿಸುವುದು ಅವಳ ಕಸುಬು. ಹಳೆಯ ಮೊಪೆಡ್ಡಿನ ಪೆಟ್ರೋಲು ದುಡಿಮೆಯ ಅರ್ಧವನ್ನು ನುಂಗುತ್ತಿತ್ತು; ಅದೂ ದಾರಿಯಲ್ಲಿ ನಿಲ್ಲತೊಡಗಿತ್ತು. ತಡವಾದರೆ ಕೆಲಸ ಬೇರೆಯವರಿಗೆ ಎಂದು ಮಾಲೀಕ ಹೇಳಿಬಿಟ್ಟಿದ್ದ.

ಹುಲಿಗೇಶ್ ಬಿಡಿಸಿ ಹೇಳಿದ: "ಪೆಟ್ರೋಲ್ ಗಾಡಿ ಅಗ್ಗ ಕಾಣ್ತೈತ್ರಿ ಅಕ್ಕಾರ. ಮ್ಯಾಲ ರೋಡ್ ಟ್ಯಾಕ್ಸ್ ಬೀಳ್ತೈತಿ. ಇದಕ್ಕ ಅದು ಮಾಫಿ. ಕೇಂದ್ರದ ಸಬ್ಸಿಡಿ ಬಿಲ್ಲಿನಾಗ ಮೊದಲಾ ಕಳದಿರ್ತೀವಿ." ಎರಡರ ನಡುವೆ ಉಳಿದ ಅಂತರ ಸಣ್ಣದು, ವರ್ಷದೊಳಗೆ ಪೆಟ್ರೋಲಿನ ಉಳಿತಾಯವೇ ಅದನ್ನು ತೀರಿಸುತ್ತಿತ್ತು. ಪಾರಮ್ಮ ಮುಂಗಡ ಕೊಟ್ಟಳು.

ತಿಂಗಳ ಕೊನೆಯ ವಾರದಲ್ಲಿ ಆದೇಶ ಬಂತು: ಜೂನ್ ಒಂದರಿಂದ ನೋಂದಣಿಯಾಗುವ ಸ್ಕೂಟರಿಗೆ ಸಬ್ಸಿಡಿ ಕಡಿತ. ಅಷ್ಟರೊಳಗೆ ನೋಂದಣಿ ಮುಗಿಸಿಕೊಳ್ಳಿ ಎಂದು ಹುಲಿಗೇಶ್ ಪಾರಮ್ಮನಿಗೆ ಫೋನು ಮಾಡಿದ. ಉತ್ತರ ಹೇಳಲು ಅವಳ ಜೊತೆ ಅಂಗಡಿಗೆ ಬಂದವನು ಅವಳ ಅಣ್ಣ, ಹಚ್ಚೊಳ್ಳಿಯ ದೊಡ್ಡಬಸಪ್ಪ. ವಯಸ್ಸಾಯಿತೆಂದು ಎತ್ತುಗಳನ್ನು ಮಾರಿ, ಆ ದುಡ್ಡನ್ನು ತಂಗಿಯ ಬಂಡಿಗೆಂದು ಎತ್ತಿಟ್ಟಿದ್ದ.

"ನಾಕನೇ ತಾರೀಕಿಗಿ ಕಾರ ಹುಣ್ಣಿವಿ. ಈ ಸಲ ಕೊಂಬಿಗಿ ಬಣ್ಣ ಬಳಿಯಾಕ ನನ್ನ ಕೊಟ್ಟಿಗ್ಯಾಗ ಎತ್ತಿಲ್ಲ. ಅವತ್ತ ಇದನ್ನ ಒಯ್ತೀನಿ."

"ಬಿಲ್ಲು, ನೋಂದಣಿ ಈಗ ಮಾಡಸ್ರಿ ಯಜಮಾನ್ರ. ಗಾಡಿ ಅವತ್ತ ಒಯ್ರಿ."

"ರೊಕ್ಕ ಕೈ ಬದಲಾದ ದಿನಾನ ಎತ್ತು ಮನಿಗಿ ಬಂದಂಗಲೇ, ತಮ್ಮಾ. ಅದೂ ಹುಣ್ಣಿವಿ ದಿನಾನ ಆಗ್ಲಿ. ಸರಕಾರ ಮೂರು ದಿನದಾಗ ಓಡಿ ಹೊಕ್ಕತೇನು?"

ಪಾರಮ್ಮ ಅಣ್ಣನ ಹಿಂದೆಯೇ ಹೊರಟಳು. ದುಡ್ಡು ಅಣ್ಣನದು.

ಹುಣ್ಣಿಮೆಯ ದಿನ ಇಬ್ಬರೂ ಹೂವಿನ ಹಾರ ಹಿಡಿದು ಬಂದರು. ಬೆಲೆ ಮೊದಲಿಗಿಂತ ಇಪ್ಪತ್ತು ಸಾವಿರ ರೂಪಾಯಿಗೂ ಹೆಚ್ಚು ಏರಿತ್ತು; ಎತ್ತು ಮಾರಿದ ದುಡ್ಡು ಸಾಲುತ್ತಿರಲಿಲ್ಲ. ದೊಡ್ಡಬಸಪ್ಪ ಬಿಲ್ಲನ್ನು ಮತ್ತೆ ಮತ್ತೆ ಓದಿಸಿಕೊಂಡ. "ಇವತ್ತೂ ರೋಡ್ ಟ್ಯಾಕ್ಸ್ ಮಾಫೀನ ಐತ್ರಿ. ಹೋಗಿದ್ದು ಸಬ್ಸಿಡಿ" ಎಂದು ಹುಲಿಗೇಶ್ ತಗ್ಗಿದ ದನಿಯಲ್ಲಿ ಹೇಳಿದ. ಇದೇ ದುಡ್ಡಿಗೆ ಪೆಟ್ರೋಲ್ ಬಂಡಿಯಾದರೂ ಕೊಡಿಸುವೆನೆಂದು ಅಣ್ಣ ಅಂಗಲಾಚಿದ. "ದಿನಾ ಅದರ ಹೊಟ್ಟಿ ಯಾರು ತುಂಬಸ್ತಾರ, ಅಣ್ಣಾ?" ಎಂದಳು ಪಾರಮ್ಮ. ಮುಂಗಡ ಹಿಂದಕ್ಕೆ ಪಡೆದು ಇಬ್ಬರೂ ಬಸ್ಸಿಗೆ ನಡೆದರು. ಹಾರವನ್ನು ಹಿಡಿಯಲು ಯಾರಿಗೂ ಕೈ ಬಾರದೆ ಅದು ಮೇಜಿನ ಮೇಲೆಯೇ ಉಳಿಯಿತು.

ಆ ಮಳೆಗಾಲದಲ್ಲಿ ಮೊಪೆಡ್ಡು ಕೆಟ್ಟು ನಿಂತಿತು, ಕೆಲಸವೂ ಕೈಬಿಟ್ಟಿತು. ಕುರುಗೋಡಿನ ಹೆಂಗಸರ ಕೈ ಬರಿದಾಯಿತು. ದೊಡ್ಡಬಸಪ್ಪ ತಂಗಿಯ ಮನೆಗೆ ಬರುವುದನ್ನೇ ಬಿಟ್ಟ. ಅವಳು ಒಮ್ಮೆಯೂ ಅವನನ್ನು ದೂರಿರಲಿಲ್ಲ. ಅದೇ ಅವನಿಗೆ ತಡೆಯದಾಯಿತು.

ಈಗ ಪಾರಮ್ಮ ದಿನವೂ ಬೆಳಗಿನ ಬಸ್ಸಿಗೆ ಬಳ್ಳಾರಿಗೆ ಬಂದು, ಅದೇ ಕಾರ್ಖಾನೆಯಲ್ಲಿ ಕೂಲಿಗೆ ಕುಳಿತು ದಾರ ಕತ್ತರಿಸುತ್ತಾಳೆ. ದಾರಿಯಲ್ಲಿ ಹುಲಿಗೇಶ್ ಸಿಕ್ಕರೆ ಕೇಳುತ್ತಾಳೆ:

"ಸಬ್ಸಿಡಿ ಏರೈತೇನಪ?"

"ಇಲ್ರಿ ಅಕ್ಕಾರ. ಇನ್ನಾ ಇಳದೈತಿ."

"ಹೌದಾ," ಎಂದು ಸೆರಗು ಸರಿಪಡಿಸಿಕೊಂಡು, ಕೆಲಸದ ಹೊತ್ತಾಯಿತೆಂದು ಕಾರ್ಖಾನೆಯ ಮೆಟ್ಟಿಲು ಹತ್ತುತ್ತಾಳೆ.