ನಾನು ಕೊಟ್ಟ ಇಪ್ಪತ್ನಾಲ್ಕು ವಾರ

ನಾನು ಓದಿದ್ದು ಮೂರನೇ ಕ್ಲಾಸು. ಸೊಸೆಯ ತಿಂಗಳು ಎಣಿಸಲು ಅಷ್ಟು ಸಾಕು ಅಂದುಕೊಂಡಿದ್ದೆ. ಎಂಬತ್ತರ ದಶಕದ ಕೊನೆಯ ಮಾತಿದು. ಆಗ ಅಜ್ಜಂಪುರದ ನಮ್ಮಂಥ ಮನೆಗಳಲ್ಲಿ ಸೊಸೆ ಬಸುರಾದರೆ ಡಾಕ್ಟರ ಮುಂದೆ ಬಾಯಿ ಬಿಡುವವಳು ಅತ್ತೆ. ಕೊನೆಯ ಮುಟ್ಟು ಯಾವತ್ತು ಎಂದು ತರೀಕೆರೆಯ ಡಾಕ್ಟರಮ್ಮ ಕೇಳಿದಾಗ ಹೇಳಿದವಳೂ ನಾನೇ. ಯುಗಾದಿ ಕಳೆದ ಎಂಟನೇ ದಿನ ಅವಳು ತಲೆಗೆ ನೀರು ಹಾಕಿಕೊಂಡು ಹಿತ್ತಿಲಲ್ಲಿ ಕೂದಲು ಒಣಗಿಸುತ್ತಿದ್ದಳು. ಮುಟ್ಟಿನ ಸ್ನಾನ ಅದು, ನಾನು ಕಣ್ಣಾರೆ ನೋಡಿದ್ದೆ. ನಾನು ಹೇಳುವಾಗ ಸೊಸೆ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಆ ತಾರೀಖು ಚೀಟಿಗೆ ಬಿತ್ತು.

ಆರನೇ ತಿಂಗಳಲ್ಲಿ ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ ಹುಬ್ಬು ಗಂಟಿಕ್ಕಿದರು. ಲೆಕ್ಕಕ್ಕಿಂತ ಹೊಟ್ಟೆ ದೊಡ್ಡದಿದೆ, ಅವಳಿ ಇರಬಹುದು, ಗರ್ಭದ ನೀರು ಹೆಚ್ಚಿರಬಹುದು, ಇಲ್ಲವೇ ಲೆಕ್ಕವೇ ತಪ್ಪಿರಬಹುದು ಎಂದರು.

"ಲೆಕ್ಕ ತಪ್ಪಿಲ್ಲ" ಎಂದೆ ನಾನು.

ಸ್ಕ್ಯಾನಿಂಗ್ ಮಷಿನ್ ಇದ್ದದ್ದು ಶಿವಮೊಗ್ಗದಲ್ಲಿ. ಮಗ, ಸೊಸೆ, ನಾನು ಮೂವರೂ ಹೋಗಿ ಮಾಡಿಸಿಕೊಂಡು ಮಧ್ಯಾಹ್ನದ ರೈಲು ಹತ್ತಿದೆವು. ಎಸ್ಸೆಲ್ಸಿ ಪಾಸಾಗಿದ್ದ ಮಗ ಆ ಟೈಪು ಹೊಡೆದ ಕಾಗದ ಬಿಡಿಸಿ ಕೂತ.

"ಅವ್ವ, ಇದ್ರಲ್ಲಿ ಇಪ್ಪತ್ತೆಂಟು ವಾರ ಅಂತೈತೆ. ನಮ್ದು ಇಪ್ಪತ್ನಾಲ್ಕಲ್ವಾ?"

"ಇಪ್ಪತ್ನಾಲ್ಕೇ ಕಣೋ. ಅದೇನೋ ನಂಬರ್ ಹಾಕವ್ರಲ್ಲ, ಅದೇನು?"

"ತಲೆ ಅಳತೆ. ಏಳು ಪಾಯಿಂಟ್ ಒಂದು ಸೆಂಟಿಮೀಟರು."

"ತಲೆ ದಪ್ಪ ಆಗೈತಾ?"

ನಮ್ಮ ಬೀದಿಯಲ್ಲಿ ತಲೆಗೆ ನೀರು ತುಂಬಿ ಹುಟ್ಟಿದ ಕೂಸೊಂದು ಒಂಬತ್ತು ದಿನ ಬದುಕಿತ್ತು. ಅದನ್ನು ರೈಲಿನಲ್ಲೇ ಹೇಳಿಬಿಟ್ಟೆ. ಮನಸ್ಸಿನಲ್ಲಿಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ. ಸೊಸೆ ಕಿಟಕಿಯ ಕಂಬಿ ಹಿಡಿದು ಆಚೆ ನೋಡುತ್ತ ಕೂತಳು. ಮಗ ಕಾಗದ ಮಡಚಿ ಜೇಬಿಗಿಟ್ಟ. ಮಡಚಿದ್ದಕ್ಕೂ ಬೈದೆ. ತರೀಕೆರೆಯಲ್ಲಿ ಇಳಿದು ನೇರ ಆಸ್ಪತ್ರೆಗೆ ಹೋದೆವು.

ಡಾಕ್ಟರಮ್ಮ ಕಾಗದವನ್ನು ಮೇಲಿಂದ ಕೆಳಗೆ ಓದಿ, ಮತ್ತೆ ಮೇಲಕ್ಕೆ ಹೋದರು.

"ತಲೆಗೇನಾದ್ರೂ ಆಗೈತಾ ಡಾಕ್ಟ್ರಮ್ಮ?" ಎಂದೆ.

"ತಲೆ ಒಂದೇ ದೊಡ್ಡದಿದ್ದು ಬಾಕಿದು ಸಣ್ಣಗಿದ್ರೆ ನಾನೂ ಹೆದರ್ತಿದ್ದೆ. ಇಲ್ಲಿ ನೋಡಿ, ತೊಡೆ ಮೂಳೆ ಐದು ಪಾಯಿಂಟ್ ನಾಲ್ಕು. ಕೂಸಿನ ಹೊಟ್ಟೆ ಸುತ್ತಳತೆ ಇಪ್ಪತ್ನಾಲ್ಕು ಸೆಂಟಿಮೀಟರು. ಮೂರೂ ಇಪ್ಪತ್ತೆಂಟು ವಾರದ ಕೂಸಿನ ಅಳತೆನೇ. ಕೊನೇಲಿ ಇಂಪ್ರೆಷನ್ ಅಂತ ಬರ್ದಿದಾರಲ್ಲ, ಅದು ಅಲ್ಲಿಯ ಡಾಕ್ಟ್ರ ಅಭಿಪ್ರಾಯ. ಒಂದೇ ಕೂಸು, ಹೃದಯ ಬಡೀತಿದೆ, ನೀರು ಸರಿಯಾಗಿದೆ. ಕೂಸು ಚೆನ್ನಾಗಿದೆ."

"ಹಂಗಾದ್ರೆ ಮಷಿನ್ನೇ ತಪ್ಪು."

"ಈ ತಿಂಗಳಲ್ಲಿ ಮಷಿನ್ ಲೆಕ್ಕ ಒಂದೆರಡು ವಾರ ಆಚೀಚೆ ಆಗುತ್ತೆ. ನಾಲ್ಕು ವಾರ ಅಂದ್ರೆ ಸುಮ್ನೆ ಬಿಡೋಕಾಗಲ್ಲ. ನಿಮ್ಮ ತಾರೀಖು ನಂಬಿದ್ರೆ ಸಂಕ್ರಾಂತಿಗೆ ಹೆರಿಗೆ. ಮಷಿನ್ ಲೆಕ್ಕ ನಿಜ ಆದ್ರೆ ಡಿಸೆಂಬರ್ ಎರಡನೇ ವಾರ. ದಿನ ಮೀರಿ ಹೋದ್ರೂ ಇನ್ನೂ ಟೈಮಿದೆ ಅಂತ ಕಾಯ್ತಾ ಕೂತ್ರೆ ಕೂಸಿನ ಗತಿ ಏನು? ನೀವು ಸ್ವಲ್ಪ ಹೊರಗೆ ಕೂತಿರಿ. ನಾನು ಇವಳನ್ನ ಕೇಳ್ಬೇಕು."

"ನನ್ನ ಮುಂದೆ ಹೇಳ್ಬಾರದ್ದು ಏನೈತೆ?"

ನಾನು ಏಳಲಿಲ್ಲ. ಮಗ ಎದ್ದು ಬಾಗಿಲ ಹತ್ತಿರ ನಿಂತ. ಸೊಸೆಯ ಕೈ ಸೆರಗಿನ ತುದಿಯನ್ನು ಸುತ್ತುತ್ತಿತ್ತು. ಡಾಕ್ಟರಮ್ಮ ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿದರು.

"ಆ ಸಲ ನಾನು ಮುಟ್ಟಾಗಿರ್ಲಿಲ್ಲ" ಎಂದಳು ಸೊಸೆ. "ಸುಮ್ನೆ ತಲೆಗೆ ನೀರು ಹಾಕ್ಕಂಡೆ. ಶಿವರಾತ್ರಿ ಕಳೆದು ಹತ್ತು ಹನ್ನೊಂದು ದಿನಕ್ಕೆ ಆಗಿದ್ದೇ ಕೊನೆ."

"ಯಾಕೇ? ಯಾರಿಗೆ ಮೋಸ ಮಾಡೋಕೆ?" ಎಂದೆ.

ಅವಳು ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದಳು. "ಹೋದ ಸಲ ಒಂದ್ ತಿಂಗಳು ನಿಂತಿದ್ದೇ ತಡ, ನೀವು ಬೀದಿಗೆಲ್ಲ ಹೇಳ್ಕಂಡ್ ಬಂದ್ರಿ ಅತ್ತೆ. ಮೂರು ತಿಂಗಳಿಗೆ ಕೂಸು ಹೋಯ್ತು. ಆಮೇಲೆ ಒಬ್ಬೊಬ್ರೂ ಬಾಗಿಲಿಗೆ ಬಂದು ಕೇಳಿದ್ರು. ನೀವು ಸಂತೆಗೆ ಹೋಗಿರ್ತಿದ್ರಿ. ಉತ್ತರ ಹೇಳಿದ್ದು ನಾನು."

ಡಾಕ್ಟರಮ್ಮ ಹಳೆಯ ತಾರೀಖಿನ ಮೇಲೆ ಗೀಟು ಎಳೆದು ಹೊಸದು ಬರೆದರು. ಬೆರಳೆಣಿಸಿ, "ಇಪ್ಪತ್ತೆಂಟು. ಮಷಿನ್ ಹೇಳಿದ್ದೂ ಅದೇ" ಎಂದರು. ಇನ್ನು ಮೇಲೆ ಚೀಟಿ ಅವಳ ಕೈಲೇ ಇರಲಿ ಎಂದೂ ಹೇಳಿದರು. ಅದು ನನಗೆ ಚುಚ್ಚಿತು. ಚುಚ್ಚಲೆಂದೇ ಹೇಳಿದ್ದು.

ನಾನು ತಪ್ಪಾಯಿತು ಅನ್ನಲಿಲ್ಲ. ಹಾಗೆ ಅಂದು ರೂಢಿಯೇ ಇರಲಿಲ್ಲ. ಸೊಸೆಯ ಮೇಲೆ ಸಿಟ್ಟೂ ಇತ್ತು, ಸುಳ್ಳು ಸ್ನಾನ ನೋಡಿ ನಾನು ಮೋಸಹೋದೆನಲ್ಲ ಎಂದು. ಅಜ್ಜಂಪುರದ ಬಸ್ಸಿನಲ್ಲಿ ನಮ್ಮ ಬೀದಿಯ ಎಣ್ಣೆ ಅಂಗಡಿಯವನ ಹೆಂಡತಿ ಪಕ್ಕಕ್ಕೆ ಸರಿದು ಜಾಗ ಕೊಟ್ಟು, "ಎಷ್ಟು ತಿಂಗಳ್ರೀ ಸೊಸೇಗೆ?" ಎಂದು ನನ್ನನ್ನು ಕೇಳಿದಳು.

ಬಾಯಿ ತನಕ ಬಂದಿತ್ತು. ನುಂಗಿಕೊಂಡೆ.

"ಅವ್ಳನ್ನೇ ಕೇಳಮ್ಮ" ಎಂದೆ.

ಸೊಸೆ ಚೀಟಿಯನ್ನು ಮಡಿಲಲ್ಲಿಟ್ಟುಕೊಂಡು, "ಇನ್ನೂ ಟೈಮೈತೆ ಅಕ್ಕ" ಎಂದಷ್ಟೇ ಹೇಳಿದಳು.