ಕೈಕಟ್ಟಿ ನಿಂತ ಪ್ಲಂಬರ್

ದಿನಗೂಲಿಗೆ ಹೋಗುತ್ತಿದ್ದಾಗ ಪ್ಲಂಬರಣ್ಣನಿಗೆ ಒಂದೇ ಆಸೆ: ತನ್ನದೇ ಒಂದು ತಂಡ ಕಟ್ಟಬೇಕು. ಕೊನೆಗೂ ಇಡೀ ಮನೆಯ ಪೈಪಿನ ಕೆಲಸವನ್ನು ಗುತ್ತಿಗೆ ಹಿಡಿದು, ಇಬ್ಬರನ್ನು ತಿಂಗಳ ಸಂಬಳಕ್ಕೆ ಇಟ್ಟುಕೊಂಡ. ಆದರೆ ಅವರು ಕೂಡಿಸಿದ್ದನ್ನೆಲ್ಲ ಕತ್ತರಿಸಿ ತಾನೇ ಮತ್ತೆ ಕೂಡಿಸುತ್ತಿದ್ದ. ಹಾಗೆ ಒಂದು ಮನೆಯಲ್ಲೇ ಸಿಕ್ಕಿಕೊಳ್ಳುತ್ತಿದ್ದುದರಿಂದ ಇನ್ನೊಂದು ಮನೆಯ ಕೆಲಸ ಕೈತಪ್ಪುತ್ತಿತ್ತು. ಬೇಸತ್ತು ಒಬ್ಬ ಬಿಟ್ಟೇ ಹೋದ.

“ಎಲ್ಲಾ ನೀವೇ ಮಾಡೋದಾದ್ರೆ ಇನ್ನೊಬ್ಬ ಯಾಕ್ರೀ, ಚಪ್ಪಲಿ ಕಾಯೋಕಾ?” ಎಂದಳು ಹೆಂಡತಿ.

ಮರುದಿನ ಹೊಸ ಮನೆಯ ಬಚ್ಚಲಲ್ಲಿ ಉಳಿದವನೇ ಪೈಪು ಕೂಡಿಸಿದ. ಅಣ್ಣ ಬಾಗಿಲಲ್ಲಿ ಕೈಕಟ್ಟಿ ನಿಂತ. ಅಂಟಿನ ವಾಸನೆ ಮೂಗಿಗೆ ಬಡಿದಾಗ ಬೆರಳುಗಳು ತಾವಾಗಿಯೇ ಮಿಸುಕಾಡಿದವು.

“ಮುಟ್ಬೇಡಿ ಅಣ್ಣ! ಸೋರಿದ್ರೆ ನಾನೇ ಸರಿಮಾಡ್ತೀನಿ.”

ಅಂಟು ಚೆನ್ನಾಗಿ ಒಣಗಿದ ಮೇಲೆ, ಗೋಡೆಗೆ ಗಾರೆ ಮೆತ್ತುವ ಮೊದಲು, ಪೈಪಿಗೆ ನೀರು ತುಂಬಿ ಪಂಪಿನಿಂದ ಒತ್ತಡ ಕೊಟ್ಟರು. ಊಟ ಮುಗಿಸಿ ಬಂದು ನೋಡಿದರೆ ಮಾಪಕದ ಮುಳ್ಳು ಕದಲಿರಲಿಲ್ಲ; ಎಲ್ಲೂ ಒಂದು ಹನಿ ಸೋರಿರಲಿಲ್ಲ.

“ನೀವು ಹೋಗಿ ಇನ್ನೊಂದು ಮನೆ ಒಪ್ಕೊಂಡ್ ಬನ್ನಿ. ಇದನ್ನ ನಾನ್ ನೋಡ್ಕೋತೀನಿ.”

ಬಯಸಿದ್ದು ಇದನ್ನೇ ತಾನೆ! ಆದರೂ ಮಾತುಕತೆಗೆ ಹೊರಟ ಅಣ್ಣ, ನೆಲದಲ್ಲಿ ಬಿದ್ದಿದ್ದ ಪೈಪಿನ ತುಂಡೊಂದನ್ನು ಎತ್ತಿಕೊಂಡು, ಅದರ ಅಂಚನ್ನು ಹೆಬ್ಬೆರಳಿನಿಂದ ಸವರುತ್ತ ದಾರಿಯುದ್ದಕ್ಕೂ ನಡೆದ.